ಒಂದೇ ಸರಕು, ಮೂರು ಮಾರಾಟ ಮಾರ್ಗಗಳು: ಮೊಬೈಲ್ ಆಕ್ಸೆಸರಿ ತಯಾರಕರು ವಿತರಕರೊಂದಿಗಿನ ಬೆಲೆ ಸಂಘರ್ಷವನ್ನು ನಿಭಾಯಿಸುವ ಬಗೆ

ಚಾರ್ಜಿಂಗ್ ಕೇಬಲ್, ಇಯರ್‌ಫೋನ್, ಮೊಬೈಲ್ ಕವರ್ ಮುಂತಾದ ವಸ್ತುಗಳನ್ನು ತಯಾರಿಸುವ ಸಣ್ಣ ಉದ್ಯಮಿಯ ಮುಂದೆ ಇಂದು ಮೂರು ಮಾರಾಟ ಮಾರ್ಗಗಳಿವೆ. ಮೊದಲನೆಯದು ವಿತರಕ ಹಾಗೂ ಅಂಗಡಿಕಾರರ ಹಳೆಯ ಮಾರ್ಗ. ಎರಡನೆಯದು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂತಹ ಆನ್‌ಲೈನ್ ಮಾರುಕಟ್ಟೆಗಳು. ಮೂರನೆಯದು ಉದ್ಯಮಿಯ ಸ್ವಂತ ಜಾಲತಾಣ. ಮೂರರಲ್ಲಿಯೂ ಒಂದೇ ಸರಕನ್ನು ಮಾರಲು ಹೊರಟಾಗ, ಒಂದು ಮಾರ್ಗದ ಬೆಲೆ ಇನ್ನೊಂದು ಮಾರ್ಗದ ವ್ಯಾಪಾರಿಯ ಲಾಭವನ್ನು ಕಸಿದುಕೊಳ್ಳುವ ಸಂದರ್ಭ ಬಂದೇ ಬರುತ್ತದೆ. ಇದನ್ನೇ ಮಾರಾಟ ಮಾರ್ಗಗಳ ಸಂಘರ್ಷ ಎಂದು ಕರೆಯಲಾಗುತ್ತದೆ.

ಈ ಸಂಘರ್ಷವು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನೆರೆಯ ಮಹಾರಾಷ್ಟ್ರದ ವಿತರಕರು ತೋರಿಸಿಕೊಟ್ಟಿದ್ದಾರೆ. ದಿನಬಳಕೆ ವಸ್ತುಗಳ ಕಂಪನಿಗಳು ಆನ್‌ಲೈನ್ ಸಗಟು ಸಂಸ್ಥೆಗಳಿಗೆ ತಮಗಿಂತ ಕಡಿಮೆ ದರದಲ್ಲಿ ಸರಕು ಕೊಡುತ್ತಿವೆ ಎಂದು ವಿತರಕರ ಒಕ್ಕೂಟವು 2021ರ ಕೊನೆಯಲ್ಲಿ ಆಕ್ಷೇಪಿಸಿತು. 2022ರ ಜನವರಿಯ ಆರಂಭದಲ್ಲಿ ಆ ರಾಜ್ಯದ ವಿತರಕರು ಕೆಲವು ದೊಡ್ಡ ಕಂಪನಿಗಳ ಆಯ್ದ ಉತ್ಪನ್ನಗಳ ಪೂರೈಕೆಯನ್ನೇ ನಿಲ್ಲಿಸಿದರು. ದೊಡ್ಡ ಕಂಪನಿಯು ಇಂತಹ ಅಸಹಕಾರವನ್ನು ಕೆಲವು ವಾರ ತಾಳಿಕೊಳ್ಳಬಲ್ಲದು. ಮೂರು ನಾಲ್ಕು ವಿತರಕರನ್ನೇ ನಂಬಿರುವ ಸಣ್ಣ ಘಟಕಕ್ಕೆ ಅದು ಸಾಧ್ಯವಿಲ್ಲ. ಅದರ ವಿತರಕನು ಪೂರೈಕೆ ನಿಲ್ಲಿಸುವುದಾಗಿ ಪ್ರಕಟಿಸುವುದೂ ಇಲ್ಲ. ಮುಂದಿನ ಆರ್ಡರ್ ಕೊಡದೆ ಸುಮ್ಮನಾಗುತ್ತಾನೆ, ಹಳೆಯ ಬಾಕಿಯನ್ನೂ ತಡೆಹಿಡಿಯುತ್ತಾನೆ.

ಆದುದರಿಂದ ಬೆಲೆ ಎಲ್ಲಿ ಮುರಿಯುತ್ತಿದೆ, ಯಾರಿಂದ ಮುರಿಯುತ್ತಿದೆ, ಅದನ್ನು ಕಾನೂನಿನ ಎಲ್ಲೆಯೊಳಗೆ ಸರಿಪಡಿಸುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಉಪಯುಕ್ತ.

ಉದಾಹರಣೆಯ ಘಟಕ

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಲ್ಲಿ ಚಾರ್ಜಿಂಗ್ ಕೇಬಲ್ ಜೋಡಿಸಿ ಪ್ಯಾಕ್ ಮಾಡುವ ಒಂದು ಸಣ್ಣ ಘಟಕವಿದೆ ಎಂದು ಕಲ್ಪಿಸಿಕೊಳ್ಳಬಹುದು. ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳಲ್ಲಿ ಅದರ ವಿತರಕರಿದ್ದಾರೆ; ಗಡಿಯಾಚೆ ಮಿರಜ ಮತ್ತು ಕೊಲ್ಹಾಪುರಗಳಿಗೂ ಸರಕು ಹೋಗುತ್ತದೆ. ಮುಂದೆ ಕೊಟ್ಟಿರುವ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಪ್ರತಿಯೊಬ್ಬ ತಯಾರಕನೂ ತನ್ನ ಅಂಕಿಗಳನ್ನು ಆ ಸ್ಥಾನದಲ್ಲಿ ಇಟ್ಟು ನೋಡಬೇಕು.

ಕೇಬಲಿನ ಎಂಆರ್‌ಪಿ 399 ರೂಪಾಯಿ. ತಯಾರಿಕಾ ವೆಚ್ಚ 120 ರೂ. ತಯಾರಕನು ವಿತರಕನಿಗೆ ಜಿಎಸ್‌ಟಿ ಬಿಟ್ಟು 165 ರೂ.ಗೆ ಕೊಡುತ್ತಾನೆ. ವಿತರಕನು ಅಂಗಡಿಗೆ 187 ರೂ.ಗೆ ಕೊಡುತ್ತಾನೆ, ಶೇ. 18ರ ಜಿಎಸ್‌ಟಿ ಸೇರಿದಾಗ ಅಂಗಡಿಕಾರನಿಗೆ ಅದು ಸುಮಾರು 221 ರೂ. ಬೀಳುತ್ತದೆ. ಅಂಗಡಿಯಲ್ಲಿ ಗ್ರಾಹಕನು ಚೌಕಾಸಿ ಮಾಡಿ ಕೊನೆಗೆ ಕೊಡುವ ಬೆಲೆ 299 ರೂ. ಸಾಗಣೆ, ಉದ್ರಿಯ ಬಡ್ಡಿ, ಕೆಟ್ಟ ಕೇಬಲಿನ ಬದಲಾವಣೆ ಇವುಗಳಿಗೆ ತಯಾರಕನು ಕೇಬಲೊಂದಕ್ಕೆ 9 ರೂ. ಖರ್ಚು ಮಾಡುತ್ತಾನೆ. ಹೀಗೆ ವಿತರಕರ ಮಾರ್ಗದಿಂದ ಅವನ ಕೈಗೆ ನಿವ್ವಳವಾಗಿ ಬರುವುದು 156 ರೂ.; ವೆಚ್ಚ ಕಳೆದರೆ 36 ರೂ. ಉಳಿಯುತ್ತದೆ.

ಈ ತಯಾರಕನು ಆನ್‌ಲೈನ್ ಮಾರುಕಟ್ಟೆಯಲ್ಲಿ ತಾನೇ ಮಾರಾಟಗಾರನಾಗಿ ನೋಂದಾಯಿಸಿಕೊಂಡು, ಮೊದಲ ಪುಟದಲ್ಲಿ ಕಾಣಿಸಿಕೊಳ್ಳುವ ಆಸೆಯಿಂದ ಅದೇ ಕೇಬಲಿಗೆ 229 ರೂ. ಬೆಲೆ ಇಡುತ್ತಾನೆ. "ನಡುವಿನವರು ಇಲ್ಲದ ಮೇಲೆ 229 ಸಿಕ್ಕರೂ 165ಕ್ಕಿಂತ ಹೆಚ್ಚೇ" ಎಂಬುದು ಅವನ ಎಣಿಕೆ.

ಕೈಗೆ ಬರುವ ಹಣದ ಲೆಕ್ಕ

ಈ ಎಣಿಕೆಯಲ್ಲಿಯೇ ಮೊದಲ ತಪ್ಪಿದೆ. 229 ರೂ.ಗಳಲ್ಲಿ ಜಿಎಸ್‌ಟಿ ತೆಗೆದರೆ 194 ರೂ. ಉಳಿಯುತ್ತದೆ. ಮಾರುಕಟ್ಟೆ ತಾಣದ ಕಮಿಷನ್, ನಿಗದಿತ ಶುಲ್ಕ ಮತ್ತು ಕೊರಿಯರ್ ಸೇರಿ 62 ರೂ., ವಾಪಸು ಬರುವ ಸರಕಿನ ನಷ್ಟವನ್ನು ಎಲ್ಲ ಕೇಬಲುಗಳ ಮೇಲೆ ಹಂಚಿದರೆ 9 ರೂ., ತಾಣದೊಳಗಿನ ಜಾಹೀರಾತಿಗೆ 12 ರೂ. ಆಗುತ್ತದೆ ಎಂದು ಹಿಡಿದರೆ ಒಟ್ಟು ಕಡಿತ 83 ರೂ. ಕೈಗೆ ಬರುವುದು 111 ರೂ. ಮಾತ್ರ. ತಯಾರಿಕಾ ವೆಚ್ಚವೇ 120 ಆಗಿರುವುದರಿಂದ ಪ್ರತಿ ಕೇಬಲಿಗೂ 9 ರೂ. ನಷ್ಟ.

ಇದೇ ಕೇಬಲನ್ನು ಆನ್‌ಲೈನಿನಲ್ಲಿ ಅಂಗಡಿಯ ಬೆಲೆಯಾದ 299ಕ್ಕೆ ಮಾರಿದರೆ ಲೆಕ್ಕ ಬೇರೆಯಾಗುತ್ತದೆ. ಜಿಎಸ್‌ಟಿ ಬಿಟ್ಟು 253 ರೂ.; ಕಮಿಷನ್ ಸ್ವಲ್ಪ ಏರಿ ಒಟ್ಟು ಕಡಿತ 93 ರೂ.; ಕೈಗೆ 160 ರೂ. ಅಂದರೆ ವಿತರಕರ ಮಾರ್ಗದ 156 ರೂ.ಗೆ ಇದು ಹೆಚ್ಚುಕಡಿಮೆ ಸಮ. ಯಾವ ಬೆಲೆಯಲ್ಲಿ ಅಂಗಡಿಕಾರನಿಗೆ ಹೊಡೆತ ಬೀಳುವುದಿಲ್ಲವೋ ಆ ಬೆಲೆಯಲ್ಲಿಯೇ ತಯಾರಕನಿಗೂ ಲಾಭವಿದೆ ಎಂಬುದು ಇದರಿಂದ ಹೊರಡುವ ಮುಖ್ಯ ತೀರ್ಮಾನ. ನಡುವಿನವರನ್ನು ಬಿಟ್ಟುದರಿಂದ ಉಳಿಯಿತು ಎಂದುಕೊಂಡ ಹಣವು ವಾಸ್ತವವಾಗಿ ಕೊರಿಯರ್, ಕಮಿಷನ್ ಮತ್ತು ವಾಪಸಾತಿಗೆ ಹೋಗಿರುತ್ತದೆ.

ಇತ್ತ ಅಂಗಡಿಕಾರನ ಸ್ಥಿತಿಯನ್ನು ನೋಡಬೇಕು. 221 ರೂ. ಕೊಟ್ಟು ತಂದ ಕೇಬಲಿಗೆ ಗ್ರಾಹಕನು ಮೊಬೈಲಿನಲ್ಲಿ 229 ತೋರಿಸಿದರೆ ಅವನಿಗೆ ಉಳಿಯುವುದು 8 ರೂ. ಅವನು ಮುಂದಿನ ಬಾರಿ ಬೇರೆ ಬ್ರಾಂಡನ್ನು ತರಿಸುತ್ತಾನೆ. ಘಟಕವು ತಿಂಗಳಿಗೆ ವಿತರಕರ ಮೂಲಕ 1,500 ಕೇಬಲ್ ಮಾರುತ್ತಿದ್ದು, ಅದರಲ್ಲಿ ಮೂರನೆಯ ಒಂದು ಭಾಗ ಕಳೆದುಹೋದರೆ 500 ಕೇಬಲಿನ ಮೇಲಿನ 18,000 ರೂ. ಲಾಭ ಹೋದಂತಾಯಿತು. ಅದೇ ತಿಂಗಳು ಆನ್‌ಲೈನಿನಲ್ಲಿ 400 ಕೇಬಲ್ ಮಾರಿದ್ದರೆ ಅಲ್ಲಿ 3,600 ರೂ. ನಷ್ಟವೂ ಆಗಿರುತ್ತದೆ. ಒಟ್ಟು ಮಾರಾಟದ ಮೊತ್ತವನ್ನು ಮಾತ್ರ ನೋಡುವವನಿಗೆ ಈ ಎರಡೂ ಕಾಣುವುದಿಲ್ಲ.

ಈ ಲೆಕ್ಕವನ್ನು ತಾಣವು ಪ್ರಕಟಿಸುವ ಕಮಿಷನ್ ಪಟ್ಟಿಯಿಂದ ಮಾಡಬಾರದು. ಬ್ಯಾಂಕಿಗೆ ಹಣ ಜಮಾ ಆದಾಗ ಬರುವ ಪಾವತಿ ವಿವರಪಟ್ಟಿಯಿಂದ ಮಾಡಬೇಕು. ವಾಪಸಾತಿಯ ಕೊರಿಯರ್ ವೆಚ್ಚ ಮತ್ತು ತೂಕದ ವ್ಯತ್ಯಾಸದ ಕಡಿತಗಳು ಅಲ್ಲಿಯೇ ಸಿಗುತ್ತವೆ. ತಾಣವು ಜಿಎಸ್‌ಟಿ ಕಾಯ್ದೆಯಡಿ ಮೂಲದಲ್ಲಿ ಸಂಗ್ರಹಿಸುವ ತೆರಿಗೆಯನ್ನು ಮಾತ್ರ ಖರ್ಚಿಗೆ ಸೇರಿಸಬಾರದು. 2024ರ ಜುಲೈ 10ರಿಂದ ಅದರ ದರವು ಶೇ. 1ರಿಂದ ಶೇ. 0.5ಕ್ಕೆ ಇಳಿದಿದೆ, ಆ ಮೊತ್ತವು ತಯಾರಕನ ನಗದು ಲೆಡ್ಜರಿಗೆ ಜಮೆಯಾಗಿ ಹಿಂದಿರುಗುತ್ತದೆ.

ಬೆಲೆ ಇಳಿಸಿದವರು ಯಾರು?

ವಿತರಕನು ದೂರು ತಂದಾಗ ಬಹುತೇಕ ತಯಾರಕರು ಕೂಡಲೇ ಆನ್‌ಲೈನ್ ತಾಣವನ್ನು ದೂಷಿಸುತ್ತಾರೆ. ಆದರೆ ಬೆಲೆ ಇಳಿಯಲು ನಾಲ್ಕು ಬೇರೆ ಬೇರೆ ಮೂಲಗಳಿವೆ. ಪ್ರತಿಯೊಂದಕ್ಕೂ ಪರಿಹಾರ ಬೇರೆ. ತಯಾರಕನೇ ಒಪ್ಪಿಕೊಂಡ ರಿಯಾಯಿತಿ ಅಥವಾ ಕೂಪನ್ ಒಂದು. ತಾಣ ಅಥವಾ ಬ್ಯಾಂಕು ತನ್ನ ಹಣದಿಂದ ಕೊಡುವ ಕಡಿತ ಎರಡನೆಯದು. ವಿತರಕನಿಂದಲೇ ಸೋರಿಹೋದ ಸರಕನ್ನು ಬೇರೊಬ್ಬನು ಮಾರುವುದು ಮೂರನೆಯದು. ನಕಲಿ ಸರಕು ನಾಲ್ಕನೆಯದು.

ಬೆಲೆಯ ಮಟ್ಟವೇ ಅನೇಕ ವೇಳೆ ಮೂಲವನ್ನು ಸೂಚಿಸುತ್ತದೆ. ಮೇಲಿನ ಉದಾಹರಣೆಯಲ್ಲಿ 165ಕ್ಕೆ ಸರಕು ಕೊಂಡ ಯಾವ ವ್ಯಾಪಾರಿಯೂ 229ಕ್ಕೆ ಮಾರಿ ಬದುಕಲಾರ. ಆದ್ದರಿಂದ ಅಷ್ಟು ಕಡಿಮೆ ಬೆಲೆ ಕಂಡರೆ ಅದು ತಯಾರಕನದೇ ರಿಯಾಯಿತಿ, ಇಲ್ಲವೇ ತಾಣದ ಕಡಿತ, ಇಲ್ಲವೇ ನಕಲಿ. ಇದಕ್ಕೆ ಬದಲಾಗಿ ಅಪರಿಚಿತ ಮಾರಾಟಗಾರನೊಬ್ಬನು 269ರ ಆಸುಪಾಸಿನಲ್ಲಿ ಮಾರುತ್ತಿದ್ದರೆ ಸೋರಿಕೆಯನ್ನು ಶಂಕಿಸಬೇಕು. ಏಕೆಂದು ಮುಂದೆ ತಿಳಿಯುತ್ತದೆ.

ಶಂಕೆಯನ್ನು ಖಚಿತಪಡಿಸಿಕೊಳ್ಳಲು ಒಂದು ಕೇಬಲನ್ನು ಕೊಂಡು ನೋಡುವುದೇ ಸರಿಯಾದ ಮಾರ್ಗ. ಆರ್ಡರ್ ಮಾಡುವಾಗ ಮಾರಾಟಗಾರನ ಹೆಸರು, ಕಡಿತದ ವಿವರ ಮತ್ತು ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸರಕಿನ ಬಿಲ್ಲಿನಲ್ಲಿ ಮಾರಾಟಗಾರನ ನೋಂದಾಯಿತ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೊದಲ ಎರಡು ಅಂಕೆಗಳು ರಾಜ್ಯವನ್ನು ತಿಳಿಸುತ್ತವೆ: 29 ಎಂದರೆ ಕರ್ನಾಟಕ, 27 ಎಂದರೆ ಮಹಾರಾಷ್ಟ್ರ. ಆದರೆ ಬಿಲ್ಲು ಕೊನೆಯ ಮಾರಾಟಗಾರನನ್ನು ಮಾತ್ರ ತೋರಿಸುತ್ತದೆ. ಅವನಿಗೆ ಸರಕು ಕೊಟ್ಟವರು ಯಾರು ಎಂಬುದನ್ನು ತೋರಿಸುವುದಿಲ್ಲ. ಅದಕ್ಕಾಗಿ ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆ ಇರಬೇಕು, ಯಾವ ಬ್ಯಾಚ್ ಯಾವ ವಿತರಕನ ಬಿಲ್ಲಿಗೆ ಹೋಯಿತು ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಗಡಿಭಾಗದ ತಯಾರಕರಿಗೆ ಇದು ಹೆಚ್ಚು ಅಗತ್ಯ. ನಿಪ್ಪಾಣಿಗೆ ಕಳುಹಿಸಿದ ಸರಕು ಕೊಲ್ಹಾಪುರದ ಬಿಲ್ಲಿನಲ್ಲಿ ಕಾಣಿಸಿಕೊಂಡಾಗ, ಬ್ಯಾಚ್ ದಾಖಲೆ ಇಲ್ಲದಿದ್ದರೆ ತಪ್ಪಿಲ್ಲದ ವಿತರಕನ ಮೇಲೆ ಅಪವಾದ ಬೀಳುತ್ತದೆ. ಬ್ಯಾಚ್ ಸಂಖ್ಯೆಯೇ ಇಲ್ಲದ ಅಥವಾ ದಾಖಲೆಯಲ್ಲಿಲ್ಲದ ಸಂಖ್ಯೆಯ ಡಬ್ಬಿ ಬಂದರೆ ಅದು ನಕಲಿ ಎಂದು ಶಂಕಿಸಿ ಕೇಬಲನ್ನು ಬಿಚ್ಚಿ ಪರೀಕ್ಷಿಸಬೇಕು.

ಸೋರಿಕೆಗೆ ಕಾರಣವಾಗುವ ಸ್ಕೀಮು

ಸೋರಿಕೆ ಪತ್ತೆಯಾದಾಗ ವಿತರಕನನ್ನು ಬೈಯುವುದು ಸುಲಭ. ಆದರೆ ಬಹಳಷ್ಟು ಪ್ರಕರಣಗಳಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟಿರುವುದು ತಯಾರಕನೇ ಪ್ರಕಟಿಸಿದ ಸ್ಕೀಮು. ತಿಂಗಳ ಕೊನೆಯೊಳಗೆ 1,000 ಕೇಬಲ್ ಎತ್ತಿದರೆ 80 ಕೇಬಲ್ ಉಚಿತ ಎಂದು ಘಟಕವು ಸ್ಕೀಮು ಕೊಟ್ಟಿದೆ ಎಂದಿಟ್ಟುಕೊಳ್ಳಬಹುದು. ತನ್ನ ಪ್ರದೇಶದ ಅಂಗಡಿಗಳಲ್ಲಿ 700 ಮಾತ್ರ ಹೋಗುತ್ತದೆಂದು ತಿಳಿದಿದ್ದರೂ ಉಚಿತ ಸರಕಿನ ಆಸೆಗೆ ವಿತರಕನು 1,000 ಎತ್ತುತ್ತಾನೆ. ಉಚಿತ ಸರಕು ಸೇರಿ ಅವನಿಗೆ ಕೇಬಲೊಂದು ಸುಮಾರು 153 ರೂ. ಬೀಳುತ್ತದೆ. ಉಳಿದ ಸರಕನ್ನು ಅದೇ ದರಕ್ಕೆ ಆನ್‌ಲೈನ್ ಮಾರಾಟಗಾರನೊಬ್ಬನಿಗೆ ದಾಟಿಸಿ ನಗದು ಮಾಡಿಕೊಳ್ಳುತ್ತಾನೆ. ಆ ಮಾರಾಟಗಾರನು 269ಕ್ಕೆ ಮಾರಿದರೆ ಜಿಎಸ್‌ಟಿ, ಕಮಿಷನ್ ಮತ್ತು ವಾಪಸಾತಿ ಕಳೆದು ಅವನಿಗೆ 154 ರೂ. ಸಿಗುತ್ತದೆ. ಹಾಕಿದ ಹಣ ಹಿಂದಿರುಗಿದರೆ ಸಾಕೆನ್ನುವವನಿಗೆ ಇಷ್ಟು ಸಾಕು. ಹೀಗೆ 269 ಎಂಬ ಬೆಲೆಯ ಹಿಂದೆ ತಯಾರಕನ ಸ್ಕೀಮೇ ನಿಂತಿರುತ್ತದೆ.

ಪರಿಹಾರವೂ ಅಲ್ಲಿಯೇ ಇದೆ. ವಿತರಕನು ಎಷ್ಟು ಎತ್ತಿದ ಎಂಬುದರ ಮೇಲೆ ಕೊಡುವ ಸ್ಕೀಮನ್ನು, ಅವನು ಎಷ್ಟು ಅಂಗಡಿಗಳಿಗೆ ಎಷ್ಟು ಸರಕು ಮುಟ್ಟಿಸಿದ ಎಂಬುದರ ಮೇಲೆ ಕೊಡುವಂತೆ ಬದಲಾಯಿಸಬೇಕು. ಅಂಗಡಿವಾರು ಬಿಲ್ಲುಗಳ ಪಟ್ಟಿ ತಂದ ಮೇಲೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಕ್ರೆಡಿಟ್ ನೋಟಿನ ಮೂಲಕ ಸ್ಕೀಮು ಕೊಡಬಹುದು. ಒಂದೇ ಹೆಸರಿಗೆ 200 ಕೇಬಲ್ ಬಿಲ್ಲಾಗಿದ್ದರೆ ಅದು ಅಂಗಡಿಯ ಖರೀದಿಯಲ್ಲ ಎಂಬುದು ಪಟ್ಟಿಯಲ್ಲಿಯೇ ಕಾಣುತ್ತದೆ. ಈ ಬದಲಾವಣೆಯಿಂದ ಮೊದಲ ಒಂದೆರಡು ತಿಂಗಳು ವಿತರಕರ ಖರೀದಿ ಇಳಿಯುವುದು ಸಹಜ. ಆ ಇಳಿಕೆಯೇ ಹಿಂದೆ ಎಷ್ಟು ಸರಕು ಹೊರಗೆ ಹೋಗುತ್ತಿತ್ತು ಎಂಬುದರ ಅಳತೆಯಾಗಿದೆ.

ಪ್ಯಾಕಿನಲ್ಲಿ ಭೇದ ಮಾಡುವುದು

ಎರಡು ಮಾರ್ಗಗಳ ಗ್ರಾಹಕರು ಒಂದೇ ವಸ್ತುವನ್ನು ಹೋಲಿಸುವುದನ್ನು ತಪ್ಪಿಸಿದರೆ ಸಂಘರ್ಷದ ಬಹುಭಾಗ ಕಡಿಮೆಯಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದೇ ಕೇಬಲಿಗೆ ಅಂಗಡಿಗೆ ಒಂದು ಎಂಆರ್‌ಪಿ, ಆನ್‌ಲೈನಿಗೆ ಇನ್ನೊಂದು ಎಂಆರ್‌ಪಿ ಮುದ್ರಿಸುವುದು ಪರಿಹಾರವಲ್ಲ. ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳಿಗೆ 2017ರಲ್ಲಿ ತಂದ ತಿದ್ದುಪಡಿ 2018ರ ಜನವರಿ 1ರಿಂದ ಜಾರಿಯಲ್ಲಿದೆ. ನಿರ್ಬಂಧಕ ಅಥವಾ ಅನುಚಿತ ವ್ಯಾಪಾರ ಪದ್ಧತಿಯ ಮೂಲಕ ಒಂದೇ ಬಗೆಯ ಪೊಟ್ಟಣಕ್ಕೆ ಬೇರೆ ಬೇರೆ ಎಂಆರ್‌ಪಿ ನಮೂದಿಸುವುದನ್ನು ಅದು ನಿಷೇಧಿಸುತ್ತದೆ. ಡಬ್ಬಿಯ ಬಣ್ಣ ಬದಲಾಯಿಸಿದ ಮಾತ್ರಕ್ಕೆ ವಸ್ತು ಬೇರೆಯಾಗುವುದಿಲ್ಲ. ಉದ್ದ, ತಂತಿಯ ದಪ್ಪ, ಸಂಖ್ಯೆ ಅಥವಾ ಜೊತೆಗೆ ಕೊಡುವ ವಸ್ತುವಿನಲ್ಲಿ ನಿಜವಾದ ವ್ಯತ್ಯಾಸವಿರಬೇಕು.

ಅಂಗಡಿಗೆ ಒಂದು ಮೀಟರಿನ ಒಂಟಿ ಕೇಬಲನ್ನು ಮೀಸಲಿಟ್ಟು, ಆನ್‌ಲೈನಿಗೆ ಎರಡು ಕೇಬಲುಗಳ ಜೋಡಿ ಪ್ಯಾಕನ್ನು ಸಿದ್ಧಪಡಿಸುವುದು ಸುಲಭದ ಉಪಾಯ. ಜೋಡಿಯನ್ನು 549ಕ್ಕೆ ಮಾರಿದರೆ ಜಿಎಸ್‌ಟಿ ಬಿಟ್ಟು 465 ರೂ. ಬರುತ್ತದೆ. ಒಂದೇ ಕೊರಿಯರಿನಲ್ಲಿ ಎರಡು ಹೋಗುವುದರಿಂದ ಕಡಿತವು ಇಮ್ಮಡಿಯಾಗದೆ 144ಕ್ಕೆ ನಿಲ್ಲುತ್ತದೆ ಎಂದು ಹಿಡಿದರೆ ಕೈಗೆ 321, ಅಂದರೆ ಕೇಬಲಿಗೆ ಸುಮಾರು 160 ರೂ. ಗ್ರಾಹಕನಿಗೆ ಕೇಬಲೊಂದು 275ರ ಸಮೀಪ ಬೀಳುತ್ತದೆ. ತುರ್ತಾಗಿ ಒಂದೇ ಕೇಬಲ್ ಬೇಕಾದವನು ಮಾತ್ರ ಅಂಗಡಿಗೇ ಹೋಗುತ್ತಾನೆ; ಅಂಗಡಿಕಾರನ 299 ಉಳಿದುಕೊಳ್ಳುತ್ತದೆ.

ಸ್ವಂತ ಜಾಲತಾಣದ ವಿಷಯದಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿ ಕಮಿಷನ್ ಇಲ್ಲದಿದ್ದರೂ ಪಾವತಿ ಶುಲ್ಕ, ಕೊರಿಯರ್, ಜಾಹೀರಾತು, ಮತ್ತು ಹಣ ಕೊಡದೆ ವಾಪಸು ಕಳುಹಿಸಿದ ಪಾರ್ಸೆಲಿನ ನಷ್ಟ ತಯಾರಕನದೇ. ಇವು ಒಟ್ಟು 98 ರೂ. ಆದರೆ 299ರ ಮಾರಾಟದಿಂದ 155 ರೂ. ಬರುತ್ತದೆ, ವಿತರಕರ ಮಾರ್ಗಕ್ಕಿಂತ ಹೆಚ್ಚೇನೂ ಅಲ್ಲ. ಅದರ ಮೇಲೆ ಮೊದಲ ಖರೀದಿಗೆ ಶೇ. 15 ಕಡಿತವೆಂದು ಕೂಪನ್ ಕೊಟ್ಟರೆ ಬೆಲೆ 254ಕ್ಕೆ ಇಳಿಯುತ್ತದೆ, ಮತ್ತು ಅದು ತಯಾರಕನ ಹೆಸರಿನಲ್ಲಿಯೇ ಪ್ರಕಟವಾಗಿರುವುದರಿಂದ ವಿತರಕನಿಗೆ ಕೊಡಲು ಯಾವ ಸಮಜಾಯಿಷಿಯೂ ಇರುವುದಿಲ್ಲ. ಸ್ವಂತ ತಾಣವನ್ನು ಅಂಗಡಿಗಳು ದಾಸ್ತಾನು ಮಾಡಲಾಗದ ಉದ್ದ ಮತ್ತು ಬಣ್ಣಗಳಿಗೆ, ವಾರಂಟಿ ನೋಂದಣಿಗೆ, ಹಾಗೂ ಹತ್ತಿರದ ಅಂಗಡಿಯ ವಿಳಾಸ ತಿಳಿಸುವುದಕ್ಕೆ ಬಳಸುವುದು ಹೆಚ್ಚು ಲಾಭಕರ.

ಕಾನೂನಿನ ಎಲ್ಲೆ

ಕೆಲವು ವಿತರಕರು "ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾರಬಾರದೆಂದು ಎಲ್ಲರಿಗೂ ಪತ್ರ ಬರೆಯಿರಿ" ಎಂದು ತಯಾರಕನನ್ನು ಒತ್ತಾಯಿಸುತ್ತಾರೆ. ಇದು ಅಪಾಯಕಾರಿ. ಸರಕನ್ನು ಒಮ್ಮೆ ಮಾರಿದ ಮೇಲೆ ಕೊಂಡವನು ಅದನ್ನು ಕನಿಷ್ಠ ಯಾವ ಬೆಲೆಗೆ ಮರುಮಾರಾಟ ಮಾಡಬೇಕೆಂದು ವಿಧಿಸುವುದು, ಅದರಿಂದ ಸ್ಪರ್ಧೆಗೆ ಗಣನೀಯ ಧಕ್ಕೆಯಾಗುವುದಾದರೆ, 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಮಿಗೆ ವಿರುದ್ಧ. ಡೀಲರುಗಳು ನಿಗದಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ತಡೆದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂ. ದಂಡ ವಿಧಿಸಿತು, ಕಂಪನಿಯು ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಸಣ್ಣ ಘಟಕದಿಂದ ಸ್ಪರ್ಧೆಗೆ ಅಂತಹ ಧಕ್ಕೆಯಾಗುವುದು ವಿರಳ. ಆದರೂ ಅಂತಹ ಪತ್ರವನ್ನು ಹೊರಡಿಸುವ ಮುನ್ನ ವಕೀಲರ ಸಲಹೆ ಪಡೆಯಬೇಕು.

ತಯಾರಕನ ಕೈಯಲ್ಲಿರುವ ಅಧಿಕಾರಗಳು ಬೇರೆ. ತಾನೇ ಮಾರಾಟಗಾರನಾಗಿರುವ ಕಡೆ ಬೆಲೆ ಅವನದೇ. ತನ್ನ ಹಣದ ಕಡಿತವನ್ನು ಅವನು ನಿಲ್ಲಿಸಬಹುದು. ಸ್ಕೀಮಿನ ಷರತ್ತನ್ನು ಬದಲಾಯಿಸಬಹುದು. ಬದಲಾವಣೆಯಾಗದ ಬೆಲೆ ಸಮಸ್ಯೆಯಿರುವ ಮಾದರಿಯನ್ನು ಆನ್‌ಲೈನಿನಿಂದ ಹಿಂದೆಗೆದುಕೊಳ್ಳಬಹುದು. ತಾಣದ ಹಬ್ಬದ ಮಾರಾಟದ ಸಂದರ್ಭದಲ್ಲಿ ಮಾರಾಟಗಾರನ ಖಾತೆಯಲ್ಲಿ ಬರುವ ರಿಯಾಯಿತಿ ಪ್ರಸ್ತಾವಗಳನ್ನು ಓದದೆ ಒಪ್ಪುವ ಅಭ್ಯಾಸವನ್ನು ಬಿಡುವುದು ಇವುಗಳಲ್ಲಿ ಮೊದಲನೆಯದು. ವಿದೇಶಿ ಬಂಡವಾಳವಿರುವ ಮಾರುಕಟ್ಟೆ ತಾಣಗಳು ಸರಕಿನ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದೆಂದು ಕೇಂದ್ರ ಸರ್ಕಾರದ ವಿದೇಶಿ ಹೂಡಿಕೆ ನೀತಿಯು ಹೇಳುತ್ತದೆ. ಈ ಬಗೆಗಿನ 2018ರ ಡಿಸೆಂಬರಿನ ಸ್ಪಷ್ಟೀಕರಣವು 2019ರ ಫೆಬ್ರವರಿ 1ರಿಂದ ಜಾರಿಗೆ ಬಂದಿದೆ.

ಸಗಟಾಗಿ ಮಾರಿದ ಮೇಲೆ ಬೆಲೆ ಕೈತಪ್ಪುತ್ತದೆ

ದೊಡ್ಡ ಆನ್‌ಲೈನ್ ಮಾರಾಟಗಾರನು ಒಮ್ಮೆಗೇ ಸಾವಿರಾರು ಕೇಬಲ್ ಕೊಳ್ಳುತ್ತೇನೆಂದು ಬಂದಾಗ ಈ ಅಂಶವನ್ನು ನೆನಪಿಡಬೇಕು. ಮೊಬೈಲಿನ ಹಿಂಬದಿಗೆ ಅಂಟಿಸುವ ಹಿಡಿಕೆಗಳನ್ನು ತಯಾರಿಸುವ ಅಮೆರಿಕದ ಪಾಪ್‌ಸಾಕೆಟ್ಸ್ ಕಂಪನಿಯ ಅನುಭವ ಇದಕ್ಕೆ ನಿದರ್ಶನ. ಆ ಕಂಪನಿಯು ಅಮೆಜಾನಿಗೆ ಸಗಟಾಗಿ ಸರಕು ಮಾರುತ್ತಿತ್ತು. ಅಮೆಜಾನ್ ತನ್ನ ಚಿಲ್ಲರೆ ಬೆಲೆಯನ್ನು ಇಳಿಸಿ, ಅದರಿಂದ ಕಳೆದುಕೊಂಡ ಲಾಭವನ್ನು ತುಂಬಿಕೊಡುವಂತೆ ಕೇಳುತ್ತಿತ್ತೆಂದು ಸಂಸ್ಥಾಪಕ ಡೇವಿಡ್ ಬಾರ್ನೆಟ್ ಅವರು 2020ರ ಜನವರಿ 17ರಂದು ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಕಂಪನಿಯು 2018ರಲ್ಲಿ ಆ ನೇರ ವ್ಯವಹಾರವನ್ನು ಕಡಿದುಕೊಂಡಿತ್ತು. ಸಗಟು ಬಿಲ್ಲಾದ ಮೇಲೆ ಬೆಲೆಯ ಹಕ್ಕು ಕೊಂಡವನದಾಗುತ್ತದೆ; ಇತರ ವ್ಯಾಪಾರಿಗಳ ದೂರು ಮಾತ್ರ ತಯಾರಕನ ಬಾಗಿಲಿಗೇ ಬರುತ್ತದೆ.

ಕ್ರಮಬದ್ಧವಾಗಿ ಮಾಡಬೇಕಾದುದು

ದಿಗ್ಗೇವಾಡಿಯ ಉದಾಹರಣೆಯ ಘಟಕವು ಈ ಕೆಲಸಗಳನ್ನು ಯಾವ ಅನುಕ್ರಮದಲ್ಲಿ ಮಾಡಬೇಕು ಎಂಬುದೂ ಮುಖ್ಯ. ಮೊದಲ ವಾರದಲ್ಲಿ ಪ್ರತಿ ಮಾದರಿಗೂ ಮೂರು ಮಾರ್ಗಗಳಲ್ಲಿ ಕೈಗೆ ಬರುವ ನಿವ್ವಳ ಮೊತ್ತವನ್ನು ಬರೆದು, ತನ್ನದೇ ಕೂಪನ್ ಮತ್ತು ರಿಯಾಯಿತಿಗಳನ್ನು ನಿಲ್ಲಿಸಬೇಕು. ಅದೇ ತಿಂಗಳಿನಿಂದ ಬ್ಯಾಚ್ ಸಂಖ್ಯೆ ಮುದ್ರಿಸತೊಡಗಬೇಕು. ಹಳೆಯ ದಾಸ್ತಾನು ಮುಗಿಯುವವರೆಗೆ ಸೋರಿಕೆಯ ಪತ್ತೆ ಪೂರ್ಣವಾಗದೆಂಬುದನ್ನು ತಿಳಿದಿರಬೇಕು. ಎರಡನೆಯ ತಿಂಗಳಲ್ಲಿ ಸ್ಕೀಮಿನ ಷರತ್ತನ್ನು ಬದಲಾಯಿಸಿ, ಅದನ್ನು ಎಲ್ಲ ವಿತರಕರಿಗೂ ಒಂದೇ ದಿನ, ಒಂದೇ ಬರಹದಲ್ಲಿ ತಿಳಿಸಬೇಕು. ಜೋಡಿ ಪ್ಯಾಕ್ ಸಿದ್ಧವಾದ ಮೇಲೆಯೇ ಒಂಟಿ ಕೇಬಲನ್ನು ಆನ್‌ಲೈನಿನಿಂದ ತೆಗೆಯಬೇಕು. ಇಲ್ಲವಾದರೆ ತೆರವಾದ ಪುಟದಲ್ಲಿ ಸೋರಿಕೆಯ ಸರಕಿನ ಮಾರಾಟಗಾರನೊಬ್ಬನೇ ಉಳಿಯುತ್ತಾನೆ.

ಇಷ್ಟು ಮಾಡಿದರೂ ತಾಣವಾಗಲಿ ಬ್ಯಾಂಕಾಗಲಿ ತನ್ನ ಹಣದಿಂದ ಕೊಡುವ ಕಡಿತವನ್ನು ತಯಾರಕನು ತಡೆಯಲಾರ. ಹಬ್ಬದ ದಿನಗಳಲ್ಲಿ ಅಂತಹ ಕಡಿತ ಬಂದೇ ಬರುತ್ತದೆ. ಆಗ ಪರದೆಯ ಚಿತ್ರವನ್ನೂ ಪಾವತಿ ವಿವರಪಟ್ಟಿಯನ್ನೂ ವಿತರಕನ ಮುಂದಿಟ್ಟು, ಗ್ರಾಹಕನು 269 ಕೊಟ್ಟರೂ ತನ್ನ ಬಿಲ್ಲು 299ಕ್ಕೇ ಇದೆ, ವ್ಯತ್ಯಾಸದ ಹಣ ತನ್ನದಲ್ಲ ಎಂಬುದನ್ನು ತೋರಿಸಬಹುದು. ಲೆಕ್ಕವನ್ನು ಬಿಚ್ಚಿ ತೋರಿಸಲು ಸಾಧ್ಯವಿರುವ ತಯಾರಕನ ಮಾತನ್ನು ವಿತರಕನು ನಂಬುತ್ತಾನೆ. ಅಂತಹ ನಂಬಿಕೆ ಇರುವಲ್ಲಿ ದೂರು ಬಂದರೂ ಆರ್ಡರ್ ನಿಲ್ಲುವುದಿಲ್ಲ.